ಹದಿನೈದು ವರ್ಷದ ಅನುಭವಕ್ಕೆ ಒಂದು ಪುಟ ಸಾಕಾ, ಎರಡು ಬೇಕಾ? ನಾನು ಎರಡನ್ನೂ ಮಾಡಿ ನೋಡಿದೆ

ಹೋದ ವಾರ ಆಫರ್ ಲೆಟರ್‌ಗೆ ಸಹಿ ಹಾಕಿದೆ. ಜೂನ್‌ನಲ್ಲಿ ಕೆಲಸ ಹುಡುಕೋಕೆ ಶುರು ಮಾಡಿದ್ದು, ಮುಗಿಯುವಷ್ಟರಲ್ಲಿ ಅಕ್ಟೋಬರ್ ಬಂತು. ಈ ನಾಲ್ಕು ತಿಂಗಳಲ್ಲಿ ಇಂಟರ್‌ವ್ಯೂಗಿಂತ ಜಾಸ್ತಿ ನನ್ನ ನಿದ್ದೆ ಕೆಡಿಸಿದ್ದು ರೆಸ್ಯೂಮ್ ಒಂದು ಪುಟ ಇರಬೇಕಾ, ಎರಡು ಪುಟ ಇರಬೇಕಾ ಅನ್ನೋ ಪ್ರಶ್ನೆ. ಕೇಳಿದವರೆಲ್ಲ ಒಬ್ಬೊಬ್ಬರು ಒಂದೊಂದು ಹೇಳಿದರು. ಯಾರೂ ಯಾಕೆ ಅಂತ ಹೇಳಲಿಲ್ಲ. ನನ್ನ ಹಾಗೆ ಹತ್ತು ಹದಿನೈದು ವರ್ಷ ಒಂದೇ ಕ್ಷೇತ್ರದಲ್ಲಿ ತಲೆ ಬಗ್ಗಿಸಿ ಕೆಲಸ ಮಾಡಿ, ಈಗ ರೆಸ್ಯೂಮ್ ಬರೆಯೋಕೆ ಕೂತವರಿಗೆ ಉಪಯೋಗ ಆಗಲಿ ಅಂತ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಾನು ತುಮಕೂರಿನವಳು. 2010ರಲ್ಲಿ ಇಲ್ಲೇ ಮೆಕ್ಯಾನಿಕಲ್ ಬಿ.ಇ. ಮುಗಿಸಿ ಪೀಣ್ಯದ ಒಂದು ಮೆಷಿನ್ ಶಾಪ್‌ನಲ್ಲಿ ಕ್ವಾಲಿಟಿ ಟ್ರೈನಿಯಾಗಿ ಸೇರಿದೆ. ಎರಡು ವರ್ಷ ಆದ ಮೇಲೆ ಮನೆಗೆ ಹತ್ತಿರ ಅಂತ ಅಂತರಸನಹಳ್ಳಿಯ ಕಾರ್ಖಾನೆಗೆ ಬಂದೆ. 2017ರಿಂದ ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ, ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಸೀನಿಯರ್ ಕ್ವಾಲಿಟಿ ಎಂಜಿನಿಯರ್. ನನ್ನ ಕೈಕೆಳಗೆ ಏಳು ಜನ ಇನ್‌ಸ್ಪೆಕ್ಟರ್‌ಗಳಿದ್ದಾರೆ. ಅಸಿಸ್ಟೆಂಟ್ ಮ್ಯಾನೇಜರ್ ಕೆಲಸವನ್ನೇ ಮಾಡುತ್ತಿದ್ದೆ, ಹುದ್ದೆ ಮಾತ್ರ ಬಂದಿರಲಿಲ್ಲ. ಅದಕ್ಕೇ ಹೊರಗೆ ನೋಡೋಣ ಅನಿಸಿತು.

ಹಳೇ ರೆಸ್ಯೂಮ್ ತೆಗೆದು ನೋಡಿದರೆ ನಾಲ್ಕು ಪುಟ. 2010ರಲ್ಲಿ ಕಾಲೇಜಿನ ಸೀನಿಯರ್ ಒಬ್ಬರಿಂದ ಇಸಿದುಕೊಂಡ ಫೈಲ್ ಅದು. ಕೆಲಸ ಬದಲಾದಾಗೆಲ್ಲ ಮೇಲೆ ಒಂದಿಷ್ಟು ಸೇರಿಸಿದ್ದೆ, ಕೆಳಗಿನದನ್ನು ಒಮ್ಮೆಯೂ ತೆಗೆದಿರಲಿಲ್ಲ. ಮೊದಲಿಗೆ ‘ವೃತ್ತಿಯ ಗುರಿ’, ಕೊನೆಗೆ ತಂದೆಯ ಹೆಸರು, ಹುಟ್ಟಿದ ದಿನ, ಮದುವೆ ಆಗಿದೆಯಾ ಇಲ್ಲವಾ, ಖಾಯಂ ವಿಳಾಸ, ಹವ್ಯಾಸ, ಆಮೇಲೆ ‘ಮೇಲೆ ಬರೆದದ್ದೆಲ್ಲ ನಿಜ’ ಅನ್ನುವ ಘೋಷಣೆ, ಸ್ಥಳ, ದಿನಾಂಕ, ಸಹಿ.

ಚಿಕ್ಕಪ್ಪನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅವನಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು.

“ಅಕ್ಕ, ನಾಲ್ಕು ಪುಟ ಯಾರು ಓದ್ತಾರೆ? ಒಂದೇ ಪುಟಕ್ಕೆ ತನ್ನಿ. ನಮ್ಮಲ್ಲೆಲ್ಲ ಒಂದೇ ಪುಟ.”

ಅವನ ಮಾತು ಕೇಳಿ ಒಂದು ಭಾನುವಾರ ಪೂರ್ತಿ ಕೂತೆ. ಅವನೇ ಕೊಟ್ಟ ಎರಡು ಕಾಲಂ ಇರುವ ಚಂದದ ಮಾದರಿ. ಎಡಗಡೆ ಬಣ್ಣದ ಪಟ್ಟಿ, ಅದರಲ್ಲಿ ಫೋನ್ ನಂಬರ್, ಕೌಶಲಗಳು. ಬಲಗಡೆ ಕೆಲಸದ ವಿವರ. ಎಷ್ಟು ಕತ್ತರಿಸಿದರೂ ಹಿಡಿಸಲಿಲ್ಲ. ಅಕ್ಷರದ ಗಾತ್ರವನ್ನು 11ರಿಂದ 9ಕ್ಕೆ ಇಳಿಸಿದೆ. ಸುತ್ತಲಿನ ಮಾರ್ಜಿನ್ ಎರಡೂವರೆ ಸೆಂಟಿಮೀಟರ್ ಇದ್ದದ್ದನ್ನು ಅರ್ಧ ಮಾಡಿದೆ. ಆದರೂ ಆರು ಸಾಲು ಹೊರಗೆ ಉಳಿದವು. ಕೊನೆಗೆ ಪೀಣ್ಯ, ಅಂತರಸನಹಳ್ಳಿ ಎರಡನ್ನೂ ಸೇರಿಸಿ, 2010ರಿಂದ 2017ರವರೆಗೆ ಎರಡು ಕಂಪನಿಗಳಲ್ಲಿ ಕ್ವಾಲಿಟಿ ಕೆಲಸ ಅಂತ ಒಂದು ಸಾಲು ಮಾಡಿದೆ.

ಆ ಸಾಲು ನೋಡಿದಾಗ ನಿಜವಾಗಿ ಬೇಜಾರಾಯಿತು. ಪೀಣ್ಯದ ಆ ಶೆಡ್‌ನಲ್ಲಿ ಇನ್‌ಸ್ಪೆಕ್ಷನ್ ಟೇಬಲ್ ಹತ್ತಿರ ನಿಂತ ಮೊದಲ ಹುಡುಗಿ ನಾನು. ವರ್ನಿಯರ್ ಹಿಡಿಯೋಕೆ, ಡ್ರಾಯಿಂಗ್ ಓದೋಕೆ ನನಗೆ ಬಂದದ್ದು ಅಲ್ಲೇ. ಬೆಳಿಗ್ಗೆ ಐದೂವರೆಗೆ ಮನೆ ಬಿಟ್ಟು ದಿನಾ ಓಡಾಡಿದ ಎರಡು ವರ್ಷಕ್ಕೆ ಅರ್ಧ ಸಾಲು.

ಆ ಒಂದು ಪುಟವನ್ನು ಐದು ವಾರದಲ್ಲಿ 19 ಕಡೆ ಹಾಕಿದೆ. ಬಂದದ್ದು ಒಂದು ಕರೆ.

ಯಾಕೆ ಅಂತ ಅರ್ಧ ಗೊತ್ತಾಗಿದ್ದು ಒಂದು ಕಂಪನಿಯ ವೆಬ್‌ಸೈಟಿನಲ್ಲಿ ಅರ್ಜಿ ತುಂಬುವಾಗ. ರೆಸ್ಯೂಮ್ ಅಪ್‌ಲೋಡ್ ಮಾಡಿದರೆ ಹೆಸರು, ಕಂಪನಿ, ವರ್ಷ ಎಲ್ಲ ತಾನೇ ತುಂಬಿಕೊಳ್ಳುತ್ತದಲ್ಲ, ಅಲ್ಲಿ ಈಗಿನ ಕಂಪನಿ ಅನ್ನುವ ಜಾಗ ಖಾಲಿ ಇತ್ತು. ಹುದ್ದೆಯ ಜಾಗದಲ್ಲಿ ನನ್ನ ಫೋನ್ ನಂಬರ್ ಕೂತಿತ್ತು. ಎರಡು ಕಾಲಂ, ಟೆಕ್ಸ್ಟ್ ಬಾಕ್ಸ್ ಇದ್ದರೆ ಇಂಥ ಎಷ್ಟೋ ಸಾಫ್ಟ್‌ವೇರ್‌ಗಳು ಎಡಗಡೆಯ ಸಾಲನ್ನೂ ಬಲಗಡೆಯ ಸಾಲನ್ನೂ ಬೆರೆಸಿ ಓದಿಬಿಡುತ್ತವೆ. ಅವಕ್ಕೆ ಪುಟ ಒಂದಿದ್ದರೂ ಒಂದೇ, ಎರಡಿದ್ದರೂ ಒಂದೇ. ಪಠ್ಯ ಮೇಲಿನಿಂದ ಕೆಳಗೆ ನೇರವಾಗಿ ಇದ್ದರೆ ಸಾಕು. ಒಂದು ಪುಟಕ್ಕೆ ಹಿಡಿಸಬೇಕು ಅನ್ನುವ ಹಟದಲ್ಲೇ ನಾನು ಆ ಎರಡು ಕಾಲಂ ಮಾದರಿಗೆ ಹೋಗಿದ್ದೆ. ನಿಮ್ಮದು ಹೇಗಿದೆ ಅಂತ ನೋಡಬೇಕಾದರೆ ಪಿಡಿಎಫ್ ತೆರೆದು Ctrl+A, Ctrl+C ಒತ್ತಿ, ನೋಟ್‌ಪ್ಯಾಡ್‌ಗೆ ಅಂಟಿಸಿ ಓದಿ. ಅಲ್ಲಿ ಕಲಸಿಹೋಗಿದ್ದರೆ ಕಂಪನಿಯ ಕಂಪ್ಯೂಟರ್‌ಗೂ ಕಲಸಿಹೋಗಿಯೇ ಕಾಣುವ ಸಾಧ್ಯತೆ ಹೆಚ್ಚು.

ಬಂದ ಒಂದು ಕರೆಗೆ ಹೋದೆ. ಜಾಗ ನೆಲಮಂಗಲದ ಹತ್ತಿರ. ಶಕ್ತಿ ಯೋಜನೆ ಇರುವುದರಿಂದ ಆಧಾರ್ ತೋರಿಸಿದರೆ ನನಗೆ ಬಸ್ ಖರ್ಚಿಲ್ಲ, ಬಸ್ ಇಳಿದ ಮೇಲೆ ಆಟೋಗೆ ನೂರು ರೂಪಾಯಿ. ಬೆಳಿಗ್ಗೆ ಹತ್ತಕ್ಕೆ ಬರಹೇಳಿದ್ದವರು ಮಧ್ಯಾಹ್ನ ಒಂದೂವರೆಗೆ ಕರೆದರು. ಎದುರು ಕೂತಿದ್ದ ಹಿರಿಯರು ಕನ್ನಡಕ ಮೇಲೆ ಕೆಳಗೆ ಮಾಡಿ 9ರ ಅಕ್ಷರ ಓದೋಕೆ ಪ್ರಯತ್ನಪಟ್ಟರು. ಆಮೇಲೆ ಹಾಳೆ ಕೆಳಗಿಟ್ಟರು.

“ಮೊದಲ ಏಳು ವರ್ಷ ಏನು ಮಾಡಿದ್ರಿ ಅಂತ ಇದರಲ್ಲಿ ಇಲ್ಲವಲ್ಲ?”

ಬಾಯಲ್ಲಿ ಹೇಳಿದೆ. ಕೇಳಿದರು. ಆದರೆ ವಾರದ ನಂತರ ಬಂದದ್ದು ಮತ್ತೆ ಸೀನಿಯರ್ ಎಂಜಿನಿಯರ್ ಹುದ್ದೆಗೇ ಆಫರ್. ಫೋನ್‌ನಲ್ಲಿ ಕೇಳಿದಾಗ ಎಚ್‌ಆರ್ ಹುಡುಗಿ, “ಮೇಡಂ, ನಿಮ್ಮ ರೆಸ್ಯೂಮ್‌ನಲ್ಲಿ ಟೀಮ್ ನಡೆಸಿದ್ದು ಎಲ್ಲೂ ಇಲ್ಲ” ಅಂದಳು. ತೆರೆದು ನೋಡಿದೆ. ನಿಜ. ಏಳು ಜನರ ವಿಷಯ ಆ ಭಾನುವಾರ ಕತ್ತರಿಸಿದ ಸಾಲುಗಳಲ್ಲೇ ಹೋಗಿತ್ತು.

ಆ ಆಫರ್ ಬಿಟ್ಟೆ. ಎರಡು ದಿನ ಆ ಫೈಲ್ ತೆರೆಯೋಕೂ ಮನಸ್ಸಾಗಲಿಲ್ಲ.

ಅಂತರಸನಹಳ್ಳಿಯಲ್ಲಿ ನನ್ನ ಮೇಲಿದ್ದ ಮ್ಯಾನೇಜರ್ ಈಗ ನಿವೃತ್ತರು, ಇಲ್ಲೇ ಎಸ್.ಎಸ್.ಪುರಂನಲ್ಲಿ ಮನೆ. ಮೂವತ್ತು ವರ್ಷ ಜನರನ್ನು ಕೆಲಸಕ್ಕೆ ತೆಗೆದುಕೊಂಡವರು. ನಾಲ್ಕು ಪುಟದ್ದು, ಒಂದು ಪುಟದ್ದು ಎರಡನ್ನೂ ಹಿಡಿದುಕೊಂಡು ಸಂಜೆ ಹೋದೆ. ಕಾಫಿ ಕುಡಿಯುತ್ತಾ ಎರಡನ್ನೂ ಓದಿದರು. ಆಮೇಲೆ ಅವರು ಹೇಳಿದ್ದು ಇಷ್ಟು:

“ನೋಡಮ್ಮ, ವರ್ಷ ಎಣಿಸಿ ಪುಟ ಹಾಕಬಾರದು. ನಾನು ಮೊದಲನೇ ಪುಟ ನೋಡ್ತಿದ್ದದ್ದು ಕರೆಯಬೇಕಾ ಬೇಡವಾ ಅಂತ ತೀರ್ಮಾನ ಮಾಡೋಕೆ. ಎರಡನೇ ಪುಟ ನೋಡ್ತಿದ್ದದ್ದು ಕರೆದ ಮೇಲೆ, ಏನು ಕೇಳೋಣ ಅಂತ. ಮೊದಲನೇ ಪುಟ ಒಂದೇ ಕೈಗೆ ಸಿಕ್ಕರೂ ನೀವು ಯಾರು ಅಂತ ಗೊತ್ತಾಗಬೇಕು. ಅಷ್ಟಾದ ಮೇಲೂ ಹೇಳೋದು ಉಳಿದಿದ್ರೆ ಎರಡನೇದು ಇರಲಿ.”

ಈ ಒಂದು ಮಾತಿನ ಮೇಲೆ ನಾನು ಎಲ್ಲ ಮತ್ತೆ ಶುರು ಮಾಡಿದೆ.

ಮೊದಲು ನಾಲ್ಕು ಪುಟದ ಸಾಲು ಎಣಿಸಿದೆ. 11ರ ಅಕ್ಷರ, ಎರಡು ಸೆಂಟಿಮೀಟರ್ ಮಾರ್ಜಿನ್ ಇಟ್ಟರೆ ಎ4 ಹಾಳೆಯಲ್ಲಿ ನನಗೆ ಸುಮಾರು 48 ಸಾಲು ಹಿಡಿಯುತ್ತಿತ್ತು. ಇದ್ದದ್ದು 170 ಸಾಲು. ಅದರಲ್ಲಿ ಗುರಿ, ಸ್ವಂತ ವಿವರ, ಘೋಷಣೆ ಸೇರಿ 31. ಇವನ್ನು ಪೂರ್ತಿ ತೆಗೆದೆ. ಖಾಸಗಿ ಕಂಪನಿಯವರು ಹುಟ್ಟಿದ ದಿನ, ತಂದೆಯ ಹೆಸರನ್ನೆಲ್ಲ ಆಮೇಲೆ ತಮ್ಮದೇ ಫಾರಂನಲ್ಲಿ ತುಂಬಿಸಿಕೊಳ್ಳುತ್ತಾರೆ, ಸಹಿಯನ್ನೂ ಅಲ್ಲೇ ಹಾಕಿಸುತ್ತಾರೆ. ಊರು, ಫೋನ್, ಇಮೇಲ್ ಸಾಕು. ಎಸ್ಸೆಸ್ಸೆಲ್ಸಿ, ಪಿಯುಸಿ ಶೇಕಡಾವಾರು ಅಂಕದ ಟೇಬಲ್ ತೆಗೆದು ಬಿ.ಇ. ಮಾತ್ರ ಒಂದು ಸಾಲು ಉಳಿಸಿದೆ. ಹದಿನೈದು ವರ್ಷ ಕೆಲಸ ಮಾಡಿದ ಮೇಲೆ ನನ್ನ ಪಿಯುಸಿ ಅಂಕ ಯಾರೂ ಕೇಳಲಿಲ್ಲ. ಒಂದು ದಿನದ, ಎರಡು ದಿನದ ತರಬೇತಿಗಳ ಪಟ್ಟಿಯಲ್ಲಿ ಈ ಹುದ್ದೆಗೆ ಬೇಕಾದ ಮೂರನ್ನು ಮಾತ್ರ ಬಿಟ್ಟೆ. ಅದರಲ್ಲಿ ಐಎಟಿಎಫ್ 16949 ಅನ್ನುವ ಗುಣಮಟ್ಟದ ಮಾನದಂಡದ ಒಳ ಆಡಿಟರ್ ಪ್ರಮಾಣಪತ್ರ ಮುಖ್ಯ, ವಾಹನ ಬಿಡಿಭಾಗದ ಕ್ಷೇತ್ರದಲ್ಲಿ ಎಲ್ಲರೂ ಅದನ್ನು ಹುಡುಕುತ್ತಾರೆ.

ಇಲ್ಲಿಯವರೆಗೆ ಸುಲಭ. ಕಷ್ಟ ಇದ್ದದ್ದು ಕೆಲಸದ ವಿವರದ 84 ಸಾಲಿನಲ್ಲಿ.

ಅವನ್ನು ಒಂದೊಂದಾಗಿ ಓದಿ ಎರಡು ಪ್ರಶ್ನೆ ಹಾಕಿಕೊಂಡೆ. ನಾನು ಅರ್ಜಿ ಹಾಕುವ ಹುದ್ದೆಯ ಜಾಹೀರಾತಿನಲ್ಲಿ ಇದನ್ನು ಕೇಳಿದ್ದಾರಾ? ಇಂಟರ್‌ವ್ಯೂನಲ್ಲಿ ಈ ಸಾಲಿನ ಮೇಲೆ ಬೆರಳಿಟ್ಟರೆ ಐದು ನಿಮಿಷ ಮಾತಾಡಬಲ್ಲೆನಾ? ಎರಡಕ್ಕೂ ಇಲ್ಲ ಅಂದರೆ ಆ ಸಾಲು ಹೋಯಿತು. ಹೀಗೆ ಮಾಡುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಮೂರೂ ಕಂಪನಿಗಳ ಕೆಳಗೆ ನಾನು ಒಂದೇ ಮಾತು ಬರೆದಿದ್ದೆ: ಒಳಬರುವ ಮಾಲಿನ ತಪಾಸಣೆ, ಲೈನ್ ತಪಾಸಣೆ, ಕೊನೆಯ ತಪಾಸಣೆ, ಗ್ರಾಹಕರ ದೂರು ನಿಭಾಯಿಸುವುದು. ಮೂರು ಸಲ, ಹೆಚ್ಚು ಕಡಿಮೆ ಅದೇ ಶಬ್ದಗಳಲ್ಲಿ. ನಾಲ್ಕು ಪುಟ ಆಗಿದ್ದು ಅನುಭವ ಜಾಸ್ತಿ ಇದ್ದದ್ದಕ್ಕಲ್ಲ, ಹೇಳಿದ್ದನ್ನೇ ಮತ್ತೆ ಹೇಳಿದ್ದಕ್ಕೆ. ನಿಮ್ಮದರಲ್ಲೂ ಹೀಗೆ ಇದೆಯಾ ಅಂತ ಮೊದಲು ನೋಡಿ.

ಆ ಮಾತುಗಳ ಜಾಗಕ್ಕೆ ನಿಜವಾಗಿ ನಡೆದದ್ದನ್ನು ಬರೆದೆ. ಒಂದು ಉದಾಹರಣೆ ಕೊಡುತ್ತೇನೆ. ನಮ್ಮಲ್ಲಿ ಒಂದು ಬೇರಿಂಗ್ ಹೌಸಿಂಗ್‌ನಲ್ಲಿ ಬೋರ್, ಅಂದರೆ ಒಳಗಿನ ರಂಧ್ರದ ಅಳತೆ ತಪ್ಪಿ ತಿಂಗಳಿಗೆ ಸುಮಾರು 120 ಪೀಸ್ ರಿಜೆಕ್ಟ್ ಆಗುತ್ತಿತ್ತು. ಕೊರೆಯುವ ಇನ್‌ಸರ್ಟ್ ಸವೆದ ಮೇಲೂ ಆಪರೇಟರ್‌ಗಳು ಅಂದಾಜಿನ ಮೇಲೆ ಓಡಿಸುತ್ತಿದ್ದರು. ಎಷ್ಟು ಪೀಸ್‌ಗೆ ಇನ್‌ಸರ್ಟ್ ಬದಲಿಸಬೇಕು ಅಂತ ಅಳೆದು ನೋಡಿ, 80 ಪೀಸ್‌ಗೆ ಒಮ್ಮೆ ಅಂತ ಗೊತ್ತು ಮಾಡಿ, ಲೈನ್‌ನಲ್ಲೇ ಗಾಳಿಯ ಒತ್ತಡದಿಂದ ರಂಧ್ರ ಅಳೆಯುವ ಏರ್ ಗೇಜ್ ಇಡಿಸಿದೆವು. ಆರು ತಿಂಗಳಲ್ಲಿ ರಿಜೆಕ್ಷನ್ 30ಕ್ಕೆ ಇಳಿಯಿತು. ಇದು ರೆಸ್ಯೂಮ್‌ನಲ್ಲಿ ಎರಡೇ ಸಾಲು: ಏನು ತೊಂದರೆ, ಏನು ಮಾಡಿದೆ, ಎಷ್ಟರಿಂದ ಎಷ್ಟಕ್ಕೆ ಬಂತು. ಮೊದಲಿನ ‘ತಪಾಸಣೆ ನಿಭಾಯಿಸುವುದು’ ಕೂಡ ಎರಡು ಸಾಲೇ ತೆಗೆದುಕೊಂಡಿತ್ತು. ಅಂಕಿಯನ್ನು ನಾನು ನೆನಪಿನಿಂದ ಬರೆಯಲಿಲ್ಲ, ಹಳೇ ತಿಂಗಳ ವರದಿಗಳನ್ನು ನೋಡಿ ಬರೆದೆ. ಗ್ರಾಹಕ ಕಂಪನಿಯ ಹೆಸರು, ಪಾರ್ಟ್ ನಂಬರ್ ಹಾಕಲಿಲ್ಲ, ಅದು ಹೊರಗೆ ಹೋಗಬಾರದ ಮಾಹಿತಿ.

ಕೊನೆಗೆ ಹೀಗೆ ನಿಂತಿತು. ಮೊದಲ ಪುಟದ ಮೇಲೆ ಹೆಸರು, ಫೋನ್. ಕೆಳಗೆ ನಾಲ್ಕು ಸಾಲಿನ ಪರಿಚಯ: ಹದಿನೈದು ವರ್ಷ, ಯಾವ ಕ್ಷೇತ್ರ, ಏಳು ಜನರ ತಂಡ, ಯಾವ ಹುದ್ದೆಗೆ ನೋಡುತ್ತಿದ್ದೇನೆ. ಉಳಿದ ಪುಟ ಪೂರ್ತಿ ವಸಂತನರಸಾಪುರದ ಎಂಟು ವರ್ಷಕ್ಕೆ. ಎರಡನೇ ಪುಟದಲ್ಲಿ ಅಂತರಸನಹಳ್ಳಿಗೆ ಹನ್ನೊಂದು ಸಾಲು, ಪೀಣ್ಯಕ್ಕೆ ಎರಡು, ಆಮೇಲೆ ಬಳಸಲು ಬರುವ ಅಳತೆ ಉಪಕರಣ ಮತ್ತು ವಿಧಾನಗಳು, ಪ್ರಮಾಣಪತ್ರ, ಓದು, ಭಾಷೆ. ಎರಡನೇ ಪುಟ ಮುಕ್ಕಾಲು ತುಂಬಿತು. ನಿಮಗೆ ಎರಡನೇ ಪುಟದಲ್ಲಿ ಐದಾರು ಸಾಲು ಮಾತ್ರ ಬರುತ್ತಿದ್ದರೆ ಅದು ಇನ್ನೂ ಒಂದು ಪುಟದ ರೆಸ್ಯೂಮೇ, ಮೇಲೆ ಎಲ್ಲೋ ಆರು ಸಾಲು ಬಿಗಿ ಮಾಡಿದರೆ ಸರಿಹೋಗುತ್ತದೆ. ಅರ್ಧ ಪುಟಕ್ಕಿಂತ ಜಾಸ್ತಿ ಬಂದರೆ ಅಕ್ಷರ ಸಣ್ಣ ಮಾಡಿ ಒತ್ತಬೇಡಿ, ಎರಡಕ್ಕೆ ಬಿಟ್ಟುಬಿಡಿ.

ಎರಡನೇ ಪುಟದ ಇನ್ನೊಂದು ಪ್ರಯೋಜನ ನನಗೆ ದಿನಾಂಕ ಬರೆಯುವಾಗ ಗೊತ್ತಾಯಿತು. ಒಂದು ಪುಟದ್ದರಲ್ಲಿ ಜಾಗ ಇಲ್ಲ ಅಂತ ವರ್ಷ ಮಾತ್ರ ಹಾಕಿದ್ದೆ. ಈಗ ತಿಂಗಳೂ ಹಾಕೋಣ ಅಂತ ಇಪಿಎಫ್‌ಒ ವೆಬ್‌ಸೈಟಿನಲ್ಲಿ ಸರ್ವಿಸ್ ಹಿಸ್ಟರಿ ತೆಗೆದೆ. ಅಂತರಸನಹಳ್ಳಿಯ ಮೊದಲ ಹತ್ತು ತಿಂಗಳು ಕಾರ್ಖಾನೆಯ ಹೆಸರಿನಲ್ಲೇ ಇರಲಿಲ್ಲ! ಆಗ ನನ್ನನ್ನು ಕಾಂಟ್ರಾಕ್ಟರ್ ಮೂಲಕ ತೆಗೆದುಕೊಂಡಿದ್ದರು, ಪಿಎಫ್ ಕಟ್ಟಿದ್ದು ಕಾಂಟ್ರಾಕ್ಟರ್ ಹೆಸರಿನಲ್ಲಿ. ನಾನು ಮರೆತೇಬಿಟ್ಟಿದ್ದೆ. ಕೆಲಸ ಕೊಡುವ ಮುಂಚೆ ಹಿನ್ನೆಲೆ ಪರಿಶೀಲನೆ ಮಾಡುವವರು ಈ ದಾಖಲೆಯನ್ನೇ ಕೇಳಬಹುದು. ರೆಸ್ಯೂಮ್‌ನಲ್ಲಿ ಒಂದು, ಪಿಎಫ್‌ನಲ್ಲಿ ಇನ್ನೊಂದು ಇದ್ದರೆ ಸುಳ್ಳು ಬರೆದ ಹಾಗೆ ಕಾಣುತ್ತದೆ. ಹಾಗಾಗಿ ‘ಮೊದಲ ಹತ್ತು ತಿಂಗಳು ಕಾಂಟ್ರಾಕ್ಟರ್ ವೇತನಪಟ್ಟಿಯಲ್ಲಿ’ ಅಂತ ಒಂದು ಸಾಲು ಸೇರಿಸಿದೆ. ಪೀಣ್ಯದ ಕೆಲಸ ಆ ಪಟ್ಟಿಯಲ್ಲೇ ಕಾಣಲಿಲ್ಲ. ಪಿಎಫ್ ಖಾತೆಗಳನ್ನೆಲ್ಲ ಒಂದೇ ನಂಬರ್‌ಗೆ ಜೋಡಿಸುವ ಯುಎಎನ್ ಬಂದದ್ದು 2014ರಲ್ಲಿ, ಅದಕ್ಕಿಂತ ಹಳೇ ಖಾತೆ ಜೋಡಿಸದಿದ್ದರೆ ಕಾಣೋದಿಲ್ಲ. ಬೀರುವಿನಲ್ಲಿ ಹುಡುಕಿ ಅಲ್ಲಿನ ರಿಲೀವಿಂಗ್ ಲೆಟರ್ ತೆಗೆದಿಟ್ಟುಕೊಂಡೆ. ಅಮ್ಮ ಅದನ್ನು ನನ್ನ ಮಾರ್ಕ್ಸ್ ಕಾರ್ಡ್‌ಗಳ ಜೊತೆ ಪ್ಲಾಸ್ಟಿಕ್ ಕವರ್‌ನಲ್ಲಿ ಇಟ್ಟಿದ್ದರು.

ಸೆಪ್ಟೆಂಬರ್ ಎರಡನೇ ವಾರದಿಂದ ಈ ಹೊಸದನ್ನು ಕಳಿಸಿದೆ. 11 ಕಡೆ ಹಾಕಿದೆ, ನಾಲ್ಕು ಕಡೆಯಿಂದ ಕರೆ ಬಂತು. ಇದರಲ್ಲಿ ಎಷ್ಟು ಪಾಲು ಪುಟದ್ದು, ಎಷ್ಟು ಪಾಲು ಕಾಲಂ ತೆಗೆದದ್ದರದ್ದು ಅಂತ ಬಿಡಿಸಿ ಹೇಳೋಕಾಗೋದಿಲ್ಲ. ಎರಡನ್ನೂ ಒಟ್ಟಿಗೇ ಬದಲಿಸಿದ್ದೆ.

ದಾಬಸ್‌ಪೇಟೆಯ ಇಂಟರ್‌ವ್ಯೂಗೆ ಹಿಂದಿನ ದಿನ ಪ್ರಿಂಟ್ ತೆಗೆಸೋಕೆ ಮನೆ ಹತ್ತಿರದ ಝೆರಾಕ್ಸ್ ಅಂಗಡಿಗೆ ಹೋದೆ. ವರ್ಡ್ ಫೈಲ್ ವಾಟ್ಸಾಪ್‌ನಲ್ಲಿ ಕಳಿಸಿದೆ. ಪ್ರಿಂಟ್ ಬಂದದ್ದು ಮೂರು ಹಾಳೆ. ಅಂಗಡಿಯ ಕಂಪ್ಯೂಟರ್‌ನಲ್ಲಿ ನಾನು ಬಳಸಿದ್ದ ಫಾಂಟ್ ಇರಲಿಲ್ಲ, ಬೇರೆ ಫಾಂಟ್ ಕೂತು ಸಾಲುಗಳೆಲ್ಲ ಜರುಗಿದ್ದವು. ಮೊದಲ ಪುಟದ ಕೊನೆಯ ನಾಲ್ಕು ಸಾಲು, ಅಂದರೆ ಬೋರ್ ರಿಜೆಕ್ಷನ್ ಇಳಿಸಿದ್ದೇ, ಎರಡನೇ ಪುಟಕ್ಕೆ ಹೋಗಿತ್ತು. ಮೂರನೇ ಹಾಳೆಯಲ್ಲಿ ಭಾಷೆಗಳ ಒಂದು ಸಾಲು. ಮನೆಗೆ ಬಂದು ಪಿಡಿಎಫ್ ಮಾಡಿ ಮತ್ತೆ ಕಳಿಸಿದೆ, ಸರಿಯಾಗಿ ಬಂತು. ಪುಟದ ಲೆಕ್ಕ ಅಷ್ಟು ಯೋಚಿಸಿ ಮಾಡಿದ ಮೇಲೆ ವರ್ಡ್ ಫೈಲ್ ಯಾರಿಗೂ ಕಳಿಸಬೇಡಿ, ಅವರಾಗಿ ಕೇಳಿದರೆ ಮಾತ್ರ ಕಳಿಸಿ. ಐದು ಪ್ರತಿ, ಹತ್ತು ಹಾಳೆ, ಐವತ್ತು ರೂಪಾಯಿ. ಕಾಗದ ಉಳಿಸೋಣ ಅಂತ ಒಂದೇ ಹಾಳೆಯ ಎರಡೂ ಬದಿಗೆ ಹಾಕಿಸಲಿಲ್ಲ. ಎರಡು ಹಾಳೆ ಮಾಡಿ ಪಿನ್ ಹೊಡೆಸಿದೆ. ಎರಡನೇ ಹಾಳೆಯ ಮೇಲೂ ನನ್ನ ಹೆಸರು, ಫೋನ್ ನಂಬರ್, ‘ಪುಟ 2’ ಅಂತ ಇತ್ತು.

ಇಷ್ಟು ಮಾಡಿದರೂ ಅಲ್ಲಿ ಏನಾಯಿತು ಗೊತ್ತಾ? ರಿಸೆಪ್ಷನ್‌ನಲ್ಲಿ ನನ್ನ ಪ್ರತಿ ತೆಗೆದುಕೊಂಡ ಹುಡುಗ ಮೂವರು ಇಂಟರ್‌ವ್ಯೂ ಮಾಡುವವರಿಗೆ ಅಂತ ಝೆರಾಕ್ಸ್ ಮಾಡಿಸಿಕೊಟ್ಟ. ಒಳಗೆ ಹೋಗಿ ಕೂತು ನೋಡಿದರೆ ಮೂವರ ಮುಂದೆಯೂ ಮೊದಲನೇ ಹಾಳೆ ಮಾತ್ರ ಇದೆ.

ನನ್ನ ಎದೆ ಧಸಕ್ ಅಂತು. ಆಮೇಲೆ ನನ್ನ ಹಳೇ ಮ್ಯಾನೇಜರ್ ಹೇಳಿದ್ದು ನೆನಪಾಯಿತು. ಮಧ್ಯದಲ್ಲಿದ್ದವರು ಪ್ಲಾಂಟ್ ಕ್ವಾಲಿಟಿ ಹೆಡ್ ಇರಬೇಕು, ಪೆನ್ನಿನಿಂದ ‘120ರಿಂದ 30’ ಅನ್ನುವಲ್ಲಿ ಗುರುತು ಹಾಕಿದ್ದರು. ಅಲ್ಲಿಂದಲೇ ಶುರು ಮಾಡಿದರು. ಏರ್ ಗೇಜ್ ಯಾಕೆ, ಬೋರ್ ಡಯಲ್ ಗೇಜ್ ಯಾಕೆ ಸಾಲಲಿಲ್ಲ? 80 ಅನ್ನುವ ಸಂಖ್ಯೆ ಹೇಗೆ ಬಂತು? ಆಪರೇಟರ್‌ಗಳು ಒಪ್ಪಿದ್ದು ಹೇಗೆ? ಇಪ್ಪತ್ತು ನಿಮಿಷ ಅದರ ಮೇಲೇ ಹೋಯಿತು. ಆಮೇಲೆ ಏಳು ಜನರ ತಂಡದ ಬಗ್ಗೆ. ಅಷ್ಟಾದ ಮೇಲೆ “ಇದಕ್ಕಿಂತ ಮುಂಚೆ ಎಲ್ಲಿದ್ರಿ?” ಅಂದರು. ಫೈಲಿನಿಂದ ಇನ್ನೊಂದು ಪ್ರತಿ ತೆಗೆದು ಎರಡನೇ ಹಾಳೆ ಮೇಲೆ ಮಾಡಿ ಕೊಟ್ಟೆ. ಒಂದು ನಿಮಿಷ ಓದಿದರು. ಕಾಂಟ್ರಾಕ್ಟರ್ ಸಾಲಿನ ಮೇಲೆ ಕಣ್ಣು ನಿಂತಿತು. ಕೇಳಿದರು, ಇದ್ದದ್ದನ್ನು ಹೇಳಿದೆ, ತಲೆ ಆಡಿಸಿ ಮುಂದೆ ಹೋದರು.

ಹದಿಮೂರು ದಿನ ಕಾದ ಮೇಲೆ ಆಫರ್ ಬಂತು. ಅಸಿಸ್ಟೆಂಟ್ ಮ್ಯಾನೇಜರ್.

ಎಲ್ಲರಿಗೂ ಎರಡು ಪುಟ ಅಂತ ನಾನು ಹೇಳುತ್ತಿಲ್ಲ. ನನ್ನ ಜೊತೆ ಓದಿದವಳೊಬ್ಬಳು ಹದಿನೈದು ವರ್ಷವೂ ಒಂದೇ ಕಂಪನಿಯಲ್ಲಿ ಒಂದೇ ಬಗೆಯ ಡಿಸೈನ್ ಕೆಲಸ ಮಾಡಿದ್ದಾಳೆ. ಅವಳದು ಒಂದು ಪುಟದಲ್ಲಿ ಆರಾಮಾಗಿ ಕೂತಿತು, ಎಳೆದರೆ ಮತ್ತೆ ನನ್ನ ಹಳೇ ಕಥೆಯೇ ಆಗುತ್ತಿತ್ತು. ಕ್ಷೇತ್ರ ಬದಲಿಸುವವರಿಗೂ ಒಂದು ಪುಟ ಒಳ್ಳೆಯದು, ಯಾಕೆಂದರೆ ಹಿಂದಿನ ಕೆಲಸದ ಬಹುಪಾಲು ವಿವರ ಹೊಸ ಜಾಗಕ್ಕೆ ಬೇಕಾಗುವುದಿಲ್ಲ. ಅರ್ಜಿಯಲ್ಲೇ ಒಂದು ಪುಟ ಅಂತ ಕೇಳಿದ್ದರೆ ಮಾತೇ ಇಲ್ಲ. ಕಾಲೇಜಿನಲ್ಲಿ ಪಾಠ ಮಾಡುವವರು, ಸಂಶೋಧನೆಯವರು ಕೊಡುವ ಸಿ.ವಿ. ಬೇರೆಯೇ. ಅಲ್ಲಿ ಪ್ರಕಟವಾದ ಲೇಖನಗಳನ್ನೆಲ್ಲ ಪಟ್ಟಿ ಮಾಡಬೇಕು, ಎರಡು ಪುಟವೂ ಸಾಲದು. ಸರ್ಕಾರಿ ಹುದ್ದೆಗೆ ಅವರು ಕೊಟ್ಟ ನಮೂನೆಯೇ ನಡೆಯುವುದು.

ಇಡೀ ಓಡಾಟಕ್ಕೆ ನನಗೆ ಕೈಯಿಂದ ಹೋದದ್ದು ಎರಡು ಸಾವಿರದೊಳಗೆ. ಆಟೋ, ಪ್ರಿಂಟ್, ಮಧ್ಯಾಹ್ನದ ಊಟ ಎಲ್ಲ ಸೇರಿ. ಮೂರು ದಿನದ ಸಂಬಳರಹಿತ ರಜೆ ಮಾತ್ರ ಈ ಲೆಕ್ಕದಲ್ಲಿಲ್ಲ. ರೆಸ್ಯೂಮ್ ಬರೆದುಕೊಡುವವರೊಬ್ಬರು 1,500 ಕೇಳಿದ್ದರು. ಅವರ ಮಾದರಿಯಲ್ಲೂ ಎರಡು ಕಾಲಂ ಇದ್ದದ್ದು ನೋಡಿ ಬಿಟ್ಟೆ.

ಈಗ ನೋಟಿಸ್ ಅವಧಿ ನಡೆಯುತ್ತಿದೆ. ಹಿನ್ನೆಲೆ ಪರಿಶೀಲನೆಯವರು ಸರ್ವಿಸ್ ಹಿಸ್ಟರಿ, ರಿಲೀವಿಂಗ್ ಲೆಟರ್‌ಗಳನ್ನು ತೆಗೆದುಕೊಂಡರು, ದಿನಾಂಕಗಳು ತಾಳೆಯಾದವು. ಹೊಸ ಕಡೆ ಒಂದು ವರ್ಷ ಆದ ಮೇಲೆ ಈ ಫೈಲ್ ಮತ್ತೆ ತೆರೆಯುತ್ತೇನೆ. ಆಗ ದಾಬಸ್‌ಪೇಟೆ ಮೊದಲ ಪುಟಕ್ಕೆ ಬರುತ್ತದೆ. ವಸಂತನರಸಾಪುರದ ಅರ್ಧ ಭಾಗ ಎರಡನೇ ಪುಟಕ್ಕೆ ಇಳಿಯುತ್ತದೆ, ಅಂತರಸನಹಳ್ಳಿಯ ಹನ್ನೊಂದು ಸಾಲು ಐದಾಗುತ್ತದೆ. ಪೀಣ್ಯ ಒಂದು ಸಾಲಿಗೆ ಬರುತ್ತದೆ. ಊರು, ಹುದ್ದೆ, ತಿಂಗಳು, ವರ್ಷ. ಆ ಸಾಲನ್ನು ಉಳಿಸಿಕೊಳ್ಳುತ್ತೇನೆ.